‘ಲೆಸ್ ಪೀಪಲ್’ ಅಂದವರನ್ನು ಬಿಟ್ಟುಬಿಡಿ

ಯಾರಾದರೂ ‘ಲೆಸ್ ಪೀಪಲ್’ ಅಂತ ಬರೆದರೆ ಸಾಕು, ಕಾಮೆಂಟಿನಲ್ಲಿ ಒಬ್ಬರು ಬಂದು ‘ಫ್ಯೂಅರ್’ ಅಂತ ತಿದ್ದಿ ಹೋಗುತ್ತಾರೆ. ಎಣಿಸುವಂಥದ್ದಕ್ಕೆ ಫ್ಯೂಅರ್, ಅಳೆಯುವಂಥದ್ದಕ್ಕೆ ಲೆಸ್. ಶಾಲೆಯಲ್ಲಿ ನಾವೆಲ್ಲ ಉರು ಹೊಡೆದಿದ್ದೂ ಇದನ್ನೇ. ಆದರೆ ಇದು ಅಷ್ಟು ಗಟ್ಟಿಯಾದ ನಿಯಮವಲ್ಲ ಅನ್ನೋದು ನನ್ನ ತಕರಾರು.

1770ರಲ್ಲಿ ರಾಬರ್ಟ್ ಬೇಕರ್ ಅನ್ನುವ ಇಂಗ್ಲಿಷ್ ಲೇಖಕ, ‘ನೋ ಲೆಸ್ ದ್ಯಾನ್ ಎ ಹಂಡ್ರೆಡ್’ ಅನ್ನುವುದಕ್ಕಿಂತ ‘ನೋ ಫ್ಯೂಅರ್’ ಅನ್ನುವುದೇ ಚೆಂದ, ಅದೇ ಸರಿ ಅಂತ ತನಗೆ ತೋರುತ್ತದೆ ಎಂದು ಬರೆದ. ಅವನ ಇಷ್ಟ ಮುಂದೆ ಎಲ್ಲರಿಗೂ ನಿಯಮವಾಯಿತು. ಅದಕ್ಕೂ ಎಷ್ಟೋ ಮುಂಚೆ, ಒಂಬತ್ತನೇ ಶತಮಾನದ ರಾಜ ಆಲ್‌ಫ್ರೆಡ್‌ನ ಬರಹದಲ್ಲೇ ಎಣಿಸುವ ವಸ್ತುವಿಗೆ ಲೆಸ್ ಬಳಕೆಯಾಗಿದೆ. ‘ಮೋರ್’ ನೋಡಿ: ನೀರಿಗೂ ಅದೇ, ಪುಸ್ತಕಕ್ಕೂ ಅದೇ. ಅದರ ಎದುರು ಪದವೂ ಎರಡೂ ಕಡೆ ಓಡಾಡಿದರೆ ಆಶ್ಚರ್ಯವೇನು?

ಇನ್ನು ನಿಯಮ ಗೊತ್ತಿದ್ದವರೇ ಎಡವುವ ಜಾಗ ಒಂದಿದೆ. ಐನೂರು ರೂಪಾಯಿಯನ್ನು ಎಣಿಸಬಹುದು ಅಲ್ವಾ? ಆದರೂ ‘ಲೆಸ್ ದ್ಯಾನ್ ಫೈವ್ ಹಂಡ್ರೆಡ್ ರುಪೀಸ್’ ಅನ್ನುವುದೇ ಸರಿ. ನಾವು ಅಲ್ಲಿ ನೋಟು ಎಣಿಸುತ್ತಿಲ್ಲ, ಒಟ್ಟು ಮೊತ್ತ ಹೇಳುತ್ತಿದ್ದೇವೆ. ಐದು ಕಿಲೋಮೀಟರು, ಎರಡು ಗಂಟೆ, ಹತ್ತು ಕೇಜಿ ಎಲ್ಲಕ್ಕೂ ಇದೇ ಲೆಕ್ಕ. ಇಲ್ಲಿ ಫ್ಯೂಅರ್ ಹಾಕಿದರೆ ಕಿವಿಗೆ ಚುಚ್ಚುತ್ತದೆ. ಬ್ರಿಟನ್ನಿನ ಟೆಸ್ಕೋ ಅಂಗಡಿಗಳಲ್ಲಿ, ಕಡಿಮೆ ಸಾಮಾನು ಕೊಂಡವರ ಬಿಲ್ ಕೌಂಟರಿನ ‘ಟೆನ್ ಐಟಮ್ಸ್ ಆರ್ ಲೆಸ್’ ಬೋರ್ಡಿನ ಬಗ್ಗೆ ಜಗಳ ಬೆಳೆದಾಗ, 2008ರಲ್ಲಿ ಅವರು ಎರಡೂ ಪದ ಬಿಟ್ಟು ‘ಅಪ್ ಟು ಟೆನ್ ಐಟಮ್ಸ್’ ಅಂತ ಬದಲಿಸಿದರು. ಜಾಣರು!

ಮಚ್, ಮೆನಿ ಹಾಗಲ್ಲ. ‘ಲೆಸ್ ಪೀಪಲ್’ ಅನ್ನುವ ಇಂಗ್ಲಿಷಿನವರು ಬೇಕಾದಷ್ಟು ಜನ ಇದ್ದಾರೆ, ‘ಮಚ್ ಪೀಪಲ್’ ಅನ್ನುವವರು ಇಲ್ಲ. ನಮಗೆ ಎರಡಕ್ಕೂ ‘ತುಂಬಾ’ ಸಾಕಾಗುವುದರಿಂದ ಇಲ್ಲಿ ತಪ್ಪು ನುಸುಳುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹೆಸರುಪದವೇ. ಕನ್ನಡದಲ್ಲಿ ‘ಮೂರು ಲಗೇಜ್ ಇದೆ’ ಅನ್ನುತ್ತೇವೆ, ಹಾಗಾಗಿ ‘ಹೌ ಮೆನಿ ಲಗೇಜಸ್’ ಅಂತ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಲಗೇಜ್ ಅನ್ನುವುದು ಇಡೀ ರಾಶಿಯ ಹೆಸರು. ‘ಹೌ ಮಚ್ ಲಗೇಜ್’ ಅನ್ನಿ, ಇಲ್ಲವೇ ‘ಹೌ ಮೆನಿ ಬ್ಯಾಗ್ಸ್’ ಅನ್ನಿ. ಫರ್ನಿಚರ್, ಅಡ್ವೈಸ್, ಇನ್‌ಫರ್ಮೇಷನ್ ಕೂಡ ಇದೇ ಜಾತಿಯವು.

ಲಿಟ್ಲ್, ಫ್ಯೂ ಅದಲುಬದಲಾದರೆ ಅರ್ಥವೇ ಕೆಡುತ್ತದೆ. ‘ಲಿಟ್ಲ್ ಸ್ಟೂಡೆಂಟ್ಸ್’ ಅಂದರೆ ಕೆಲವೇ ವಿದ್ಯಾರ್ಥಿಗಳಲ್ಲ, ಪುಟಾಣಿ ವಿದ್ಯಾರ್ಥಿಗಳು. ಫ್ಯೂ ಹಿಂದಿನ ‘ಎ’ ಬಿಟ್ಟರೂ ಅಷ್ಟೇ. ನಮ್ಮ ಆಫೀಸುಗಳಲ್ಲಿ ದಿನಾ ಓಡಾಡುವ ‘ಐ ಹ್ಯಾವ್ ಫ್ಯೂ ಡೌಟ್ಸ್’ ಅನ್ನುವ ಮೇಲ್ ನೋಡಿ. ಬರೆದವರು ಕೇಳಹೊರಟಿದ್ದು ಒಂದಷ್ಟು ಪ್ರಶ್ನೆ. ಓದಿದ ಇಂಗ್ಲಿಷಿನವರಿಗೆ ಅರ್ಥವಾಗುವುದು, ಇವರಿಗೆ ಅನುಮಾನವೇ ಇಲ್ಲವೆನ್ನುವಷ್ಟು ಕಡಿಮೆ ಅಂತ. ತಿದ್ದಲೇಬೇಕು ಅಂತ ಕೈ ತುರಿಸುವವರು ಆ ‘ಎ’ಯಿಂದ ಶುರು ಮಾಡಲಿ.