ಕಿರೀಟ ಮಾಯವಾದ ಚಿತ್ರ

1522ರ ಸೆಪ್ಟೆಂಬರಿನಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಅಲ್ಲಿನ ಸನ್ಯಾಸಿ ಮಾರ್ಟಿನ್ ಲೂಥರ್ ಜರ್ಮನ್ನಿಗೆ ತಂದ ಬೈಬಲಿನ ಹೊಸ ಒಡಂಬಡಿಕೆ. ಅದರ ಕೊನೆಯ ಭಾಗದಲ್ಲಿ ಕ್ರಾನಾಖ್ ಎಂಬ ಕಲಾವಿದನ ಕಡೆಯಿಂದ ಬಂದ ಮರದಚ್ಚಿನ ಚಿತ್ರಗಳಿವೆ. ಬೈಬಲಿನಲ್ಲಿ ಕೇಡಿನ ರೂಪವಾಗಿ ಏಳು ತಲೆಯ ಮೃಗದ ಮೇಲೆ ಕೂತ ಬಾಬಿಲೋನಿನ ವೇಶ್ಯೆಯ ತಲೆಯಲ್ಲಿ ಪೋಪ್ ಧರಿಸುವ ಮೂರಂತಸ್ತಿನ ಕಿರೀಟ! ಡಿಸೆಂಬರಿನ ಎರಡನೇ ಮುದ್ರಣದ ಹೊತ್ತಿಗೆ ಅದು ಮಾಮೂಲಿ ಕಿರೀಟವಾಗಿತ್ತು. ಅಕ್ಷರ ಬಾರದವರಿಗೂ ತಿಳಿಯುವ ಮಾತು, ದೊಡ್ಡವರಿಗೆ ಚುಚ್ಚದೆ ಇರುತ್ತದೆಯೇ?

ಕ್ಯಾಥೊಲಿಕ್ ಚರ್ಚ್ ಒಡೆದ ಕಥೆ ಹೇಳುವವರೆಲ್ಲ ಲೂಥರನ 1517ರ 95 ವಾದಗಳ ಹತ್ತಿರವೇ ನಿಂತುಬಿಡುತ್ತಾರೆ. ಪಾಪದ ಶಿಕ್ಷೆ ತಗ್ಗಿಸುವ ಪತ್ರಗಳನ್ನು ಚರ್ಚ್ ಮಾರುತ್ತಿದ್ದುದನ್ನು ಪ್ರಶ್ನಿಸಿದ ವಾದಗಳು ಅವು. ಆದರೆ ಇದ್ದದ್ದು ಪಂಡಿತರ ಲ್ಯಾಟಿನ್ನಿನಲ್ಲಿ. ನನ್ನ ಮಟ್ಟಿಗೆ ನಿಜವಾದ ಬಿರುಕು ಈ ಪುಸ್ತಕದಲ್ಲಿದೆ.

ಇದು ಹುಟ್ಟಿದ್ದೇ ರಾಜಕೀಯದ ಮರೆಯಲ್ಲಿ. 1521ರಲ್ಲಿ ವೋರ್ಮ್ಸ್‌ನ ಸಭೆಯಲ್ಲಿ ಲೂಥರ್ ತನ್ನ ಮಾತು ಹಿಂತೆಗೆದುಕೊಳ್ಳಲಿಲ್ಲ, ಚಕ್ರವರ್ತಿ ಐದನೇ ಚಾರ್ಲ್ಸ್ ಅವನನ್ನು ಕಾನೂನಿನ ರಕ್ಷಣೆಯಿಂದ ಹೊರಗಿಡಲು ಹೊರಟ. ಆಗ ಅವನ ದೊರೆ, ಸ್ಯಾಕ್ಸನಿಯ ಫ್ರೆಡರಿಕ್, ದಾರಿಯಲ್ಲಿ ಅಪಹರಣದ ನಾಟಕವಾಡಿಸಿ ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟ. ಅಲ್ಲಿ ಸುಮಾರು ಹನ್ನೊಂದು ವಾರದಲ್ಲಿ ಗ್ರೀಕ್ ಮೂಲದಿಂದ ಅನುವಾದ ಮುಗಿಯಿತು. ಸುಮಾರು 3,000 ಪ್ರತಿಗಳು ಕೆಲವೇ ತಿಂಗಳಲ್ಲಿ ಖಾಲಿ.

ಪಕ್ಕದ ಸೀಮೆಯ ದೊರೆ ಜಾರ್ಜ್, ಫ್ರೆಡರಿಕ್‌ನ ದಾಯಾದಿ, ಪುಸ್ತಕವನ್ನು ನಿಷೇಧಿಸಿದ. ಕೊಂಡವರು ತಂದೊಪ್ಪಿಸಿದರೆ ಹಣ ವಾಪಸ್ಸು ಎಂದ. ಆದರೂ ಜನಕ್ಕೆ ಜರ್ಮನ್ ಬೈಬಲ್ ಬೇಕೇ ಬೇಕು! ಕೊನೆಗೆ 1527ರಲ್ಲಿ ಅವನ ಆಸ್ಥಾನದ ಎಮ್ಸರ್ ಕ್ಯಾಥೊಲಿಕ್ ಆವೃತ್ತಿಯೊಂದನ್ನು ತಂದ. ಅದರಲ್ಲಿ ಬಹುಪಾಲು ಲೂಥರನ ವಾಕ್ಯಗಳೇ, ಅಲ್ಲಲ್ಲಿ ತಿದ್ದಿದ್ದು ಅಷ್ಟೆ. ಬೈದವನ ಬೆನ್ನ ಹಿಂದೆ ನಿಂತು ನಕಲು ಹೊಡೆಯುವುದು ಅಂದರೆ ಇದು.

ಲೂಥರನಿಗೂ ಪುಸ್ತಕ ಕೈಮೀರಿತು. 1525ರಲ್ಲಿ ಮೆಮಿಂಗೆನ್‌ನಲ್ಲಿ ರೈತರು ಹನ್ನೆರಡು ಬೇಡಿಕೆ ಬರೆದು, ಪಕ್ಕದಲ್ಲೇ ಬೈಬಲಿನ ಆಧಾರ ಕೊಟ್ಟರು: ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ, ಕ್ರಿಸ್ತ ಎಲ್ಲರನ್ನೂ ಬಿಡಿಸಿದ ಮೇಲೆ ನಮಗೇಕೆ ಜೀತ? ದಂಗೆ ಹಬ್ಬಿದಾಗ ಲೂಥರ್ ದೊರೆಗಳ ಪಕ್ಷ ಹಿಡಿದು, ದಂಗೆಯೆದ್ದ ರೈತರನ್ನು ಕೊಲ್ಲಿರೆಂದು ಬರೆದ. ಅವನನ್ನು ಎಷ್ಟೇ ಮೆಚ್ಚಿದರೂ ಇದನ್ನು ಮಾತ್ರ ನನಗೆ ಕ್ಷಮಿಸಲಾಗುವುದಿಲ್ಲ.

ಅಲ್ಲಿಂದ ಚರ್ಚಿನ ಹಿಡಿತ ದೊರೆಗಳಿಗೆ ಹೋಯಿತು. 1555ರ ಆಗ್ಸ್‌ಬರ್ಗ್ ಒಪ್ಪಂದದಲ್ಲಿ, ಕ್ಯಾಥೊಲಿಕ್ ಆಗಲಿ ಲೂಥರನದಾಗಲಿ, ದೊರೆಯ ಪಂಥವೇ ಸೀಮೆಯ ಪಂಥ. ಒಪ್ಪದವನು ಆಸ್ತಿ ಮಾರಿ ಹೊರಡಬಹುದು.

ಓದಿನ ಗತಿಯೂ ಬದಲಾಯಿತು. ಊರೂರಿಗೆ ಶಾಲೆ ತೆರೆಯಿರಿ ಎಂದು 1524ರಲ್ಲಿ ನಗರಸಭೆಗಳಿಗೆ ಬರೆದಿದ್ದ ಲೂಥರ್, ಮುಂದೆ ಹಳ್ಳಿ ಚರ್ಚುಗಳ ತಪಾಸಣೆಗೆ ಹೋದಾಗ ಕೆಲವು ಪಾದ್ರಿಗಳಿಗೇ ಪಾಠ ಬಾರದ್ದನ್ನು ಕಂಡ. 1529ರಲ್ಲಿ ಪ್ರಶ್ನೋತ್ತರದ ಒಂದು ಕಿರುಪುಸ್ತಕ ಬರೆದುಕೊಟ್ಟ. ಮನೆಯ ಯಜಮಾನ ಮಕ್ಕಳಿಗೂ ಆಳುಗಳಿಗೂ ಅದನ್ನು ಹೇಳಿಕೊಡಬೇಕು, ಅವರು ಅಕ್ಷರ ತಪ್ಪದೆ ಬಾಯಿಪಾಠ ಒಪ್ಪಿಸಬೇಕು.