ಬಗ್ಗಬೇಕಾದ ಕಡೆ ಸೆಟೆದು, ಸೆಟೆಯಬೇಕಾದ ಕಡೆ ಬಗ್ಗಿ

ಈಗಷ್ಟೇ ಒಬ್ಬ ಜೂನಿಯರ್ ಡಾಕ್ಟ್ರು, ಜರ್ನಲ್‌ಗೆ ಕಳಿಸಿದ್ದ ತಮ್ಮ ಪೇಪರ್ ಓದಿ ಪ್ರಶ್ನೆ ಕೇಳಿದ ರಿವ್ಯೂವರ್‌ಗಳಿಗೆ ಬರೆದ ಉತ್ತರದ ಡ್ರಾಫ್ಟ್ ಕಳಿಸಿದ್ರು, "ಮೇಡಂ ಸ್ವಲ್ಪ ನೋಡಿ, ನಾಳೆ ಅಪ್ಲೋಡ್ ಮಾಡ್ಬೇಕು" ಅಂತ. ನೋಡಿದೆ. ನೋಡಿ ತಲೆ ಬಿಸಿಯಾಗಿ ಇಲ್ಲಿಗೆ ಬಂದಿದೀನಿ. ನಿಮಗೆಲ್ಲ ಗೊತ್ತಿರೋದೇ, ನನ್ನ ಕೆಲಸ ಇನ್ನೊಬ್ಬರ ಪೇಪರ್‌ಗಳ ಸ್ಟ್ಯಾಟಿಸ್ಟಿಕ್ಸ್ ನೋಡೋದು, ಹಾಗಾಗಿ ಇಂಥ ಡ್ರಾಫ್ಟ್ ಬಂದಷ್ಟೂ ಬರ್ತಾನೇ ಇರ್ತವೆ, ಆದ್ರೆ ಇದು ಅಪ್ಪಟ ಉಲ್ಟಾ. ಸರಿಯಾಗಿ ಕೇಳಿದ ರಿವ್ಯೂವರ್ ಜೊತೆ ಒಂದೂವರೆ ಪುಟ ಜಗಳ, ತಪ್ಪು ಕೇಳಿದ ರಿವ್ಯೂವರ್‌ಗೆ "ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದ, ಸೇರಿಸಿದ್ದೇವೆ".

ವಿಷಯ ಹೇಳ್ತೀನಿ, ಯಾರದ್ದು ಅಂತ ಗೊತ್ತಾಗಬಾರದು ಅಂತ ಅಂಕಿಗಳನ್ನ, ವಿವರಗಳನ್ನ ಬದಲಾಯಿಸಿದೀನಿ. ಆಪರೇಷನ್ ಆದ ಗಾಯಕ್ಕೆ ಹೊಸ ಡ್ರೆಸ್ಸಿಂಗ್ ಹಾಕಿದ್ರೆ ಸೋಂಕು ಕಮ್ಮಿ ಆಗುತ್ತಾ ಅಂತ ಒಂದು ಟ್ರಯಲ್. ಹೊಸದಕ್ಕೆ 100 ಜನ, ಹಳೇದಕ್ಕೆ 100 ಜನ, ರ‍್ಯಾಂಡಮ್ ಆಗಿ ಹಂಚಿದ್ದು. 30 ದಿನ ಆದ್ಮೇಲೆ ನೋಡಿದ್ರೆ ಹೊಸ ಗ್ರೂಪ್‌ನಲ್ಲಿ 12 ಜನ ವಾಪಸ್ಸೇ ಬಂದಿಲ್ಲ, ಹಳೇದ್ರಲ್ಲಿ 4 ಜನ. ಅವರನ್ನ ಕೈಬಿಟ್ಟು ಲೆಕ್ಕ ಹಾಕಿದಾರೆ: ಹೊಸದ್ರಲ್ಲಿ 88ಕ್ಕೆ 8 ಸೋಂಕು, ಹಳೇದ್ರಲ್ಲಿ 96ಕ್ಕೆ 15. ಅಂದ್ರೆ ಶೇ. 9.1 ಮತ್ತು 15.6, ಪಿ ವ್ಯಾಲ್ಯೂ 0.18. ಡ್ರೆಸ್ಸಿಂಗ್‌ಗಳಲ್ಲಿ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣೋ ಸಾಧ್ಯತೆ ಶೇ. 18 ಅಂತ ಅರ್ಥ, 0.05ಕ್ಕಿಂತ ಕಮ್ಮಿ ಇದ್ರೆ ಮಾತ್ರ ವ್ಯತ್ಯಾಸ ಇದೆ ಅನ್ನೋದು ರೂಢಿ. ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಮಾತ್ರ "ಸೋಂಕು ಕಡಿಮೆಯಾಗುವ ಒಲವು ಕಂಡುಬಂತು" ಅಂತ ಬರೆದಿದಾರೆ. ಆ "ಒಲವು" ಅನ್ನೋ ಪದ ಕಂಡ್ರೇ ನಂಗಾಗಲ್ಲ, ಇರ್ಲಿ.

ಮೊದಲನೇ ರಿವ್ಯೂವರ್ ಕೇಳಿದ್ದು ಇಷ್ಟೇ: ಬರದೇ ಇದ್ದವರು ಎರಡು ಗ್ರೂಪ್‌ಗಳಲ್ಲಿ ಒಂದೇ ಸಮ ಇಲ್ವಲ್ಲ, ಅವರಲ್ಲಿ ಸೋಂಕು ಆಗಿದ್ರೆ ಏನು ಕಥೆ? ಇದಕ್ಕಿಂತ ಒಳ್ಳೇ ಪ್ರಶ್ನೆ ಈ ಪೇಪರ್‌ಗೆ ಕೇಳೋಕೆ ಸಾಧ್ಯವಿಲ್ಲ. ನಮ್ಮವರ ಉತ್ತರ ನೋಡಿ, "ಫಾಲೋಅಪ್ ನಷ್ಟ ಎಲ್ಲಾ ಟ್ರಯಲ್‌ಗಳಲ್ಲೂ ಸಹಜ, ನಮ್ಮದು ಒಟ್ಟು ಶೇ. 8 ಮಾತ್ರ, ಇದು ಸ್ವೀಕಾರಾರ್ಹ". ಒಟ್ಟು 8 ಯಾರು ಕೇಳಿದ್ರು? ಕೇಳಿದ್ದು ಆ ಕಡೆ 12, ಈ ಕಡೆ 4 ಯಾಕೆ ಅಂತ!

ಫೋನ್ ಮಾಡಿ ಹೇಳಿದೆ, ಜಗಳ ಆಮೇಲೆ ಆಡು, ಮೊದ್ಲು ಲೆಕ್ಕ ಹಾಕು. ಹೊಸ ಗ್ರೂಪ್‌ನ 12 ಜನಕ್ಕೂ ಸೋಂಕು ಆಗಿತ್ತು, ಹಳೇ ಗ್ರೂಪ್‌ನ 4 ಜನಕ್ಕೂ ಆಗಿರಲಿಲ್ಲ ಅಂತ ಇಟ್ಕೋ. 100ಕ್ಕೆ 20, 100ಕ್ಕೆ 15. ಹೊಸ ಡ್ರೆಸ್ಸಿಂಗೇ ಕೆಟ್ಟದ್ದು ಅಂತಾಯ್ತು. ಈಗ ಉಲ್ಟಾ ಇಟ್ಕೋ, 12 ಜನವೂ ಚೆನ್ನಾಗಿದ್ರು, ಆ 4 ಜನಕ್ಕೆ ಸೋಂಕು. ಹೊಸದ್ರಲ್ಲಿ 8, ಹಳೇದ್ರಲ್ಲಿ 19, ಹೊಸದು ಭರ್ಜರಿ ಗೆಲುವು, ಪಿ ವ್ಯಾಲ್ಯೂ ಕೂಡ 0.05ರ ಒಳಗೇ ಬರುತ್ತೆ. ಎರಡೂ ಅತಿರೇಕ, ನಿಜದಲ್ಲಿ ಎರಡೂ ಆಗಿರಲ್ಲ, ಆದ್ರೆ ಬರದೇ ಇದ್ದ 16 ಜನ ಪೇಪರ್‌ನ ತೀರ್ಮಾನವನ್ನ ಯಾವ ಕಡೆಗೆ ಬೇಕಾದ್ರೂ ತಿರುಗಿಸಬಲ್ಲರು ಅಂತ ಗೊತ್ತಾಯ್ತಲ್ಲ. ಗಾಯ ಮಾಯ್ತು ಅಂತ ಬರದೇ ಇದ್ದಿರಬಹುದು, ಗಾಯ ಕೆಟ್ಟು ಬೇರೆ ಆಸ್ಪತ್ರೆಗೆ ಹೋಗಿರಬಹುದು, ಕೂತಲ್ಲೇ ಹೇಳೋಕಾಗಲ್ಲ. ಮಧ್ಯದ ಊಹೆಗೂ ಒಂದು ಸಾಲು ಹಾಕಿಸಿದೆ, ಬರದವರಲ್ಲಿ ಎರಡೂ ಕಡೆ ಶೇ. 25 ಸೋಂಕು ಅಂತ ಹಿಡಿದ್ರೆ ಹೊಸದ್ರಲ್ಲಿ 11, ಹಳೇದ್ರಲ್ಲಿ 16. ಈ ಎಲ್ಲಾ ಸಾಲು ಒಂದೇ ಟೇಬಲ್‌ನಲ್ಲಿ, ಕೆಳಗೆ ಬರದವರಲ್ಲಿ ಫೋನ್‌ನಲ್ಲಿ ಸಿಕ್ಕವರ ಮಾಹಿತಿ ಬೇರೆಯಾಗಿ, ಯಾಕಂದ್ರೆ ಫೋನ್‌ನಲ್ಲಿ "ಸ್ವಲ್ಪ ಕೀವು ಬಂದಿತ್ತು ಮೇಡಂ" ಅನ್ನೋದೂ ಸರ್ಜನ್ ಕಣ್ಣಾರೆ ನೋಡೋದೂ ಒಂದೇ ಅಲ್ಲ. ರಿವ್ಯೂವರ್‌ಗೆ ಉತ್ತರ ನಾಲ್ಕೇ ಸಾಲು: ನೀವು ಹೇಳಿದ್ದು ಸರಿ, ಈ ಟೇಬಲ್ ಸೇರಿಸಿದೀವಿ, "ಒಲವು" ಅನ್ನೋದನ್ನ ಅಬ್‌ಸ್ಟ್ರ್ಯಾಕ್ಟ್‌ನಿಂದ ತೆಗೆದಿದೀವಿ, ಬದಲಾದ ವಾಕ್ಯ ಇದು, ಪುಟ ಇಷ್ಟು ಸಾಲು ಇಷ್ಟು. ಒಪ್ಪೋದು ಅಂದ್ರೆ ಇದು. ಒಂದಕ್ಷರ ಬದಲಾಯಿಸದೆ "ಧನ್ಯವಾದ" ಅನ್ನೋದಲ್ಲ.

ಇನ್ನು ಎರಡನೇ ರಿವ್ಯೂವರ್. ಅವರ ಆಜ್ಞೆ: "ಫಲಿತಾಂಶದ ಆಧಾರದ ಮೇಲೆ ಅಧ್ಯಯನದ ಪವರ್ ಲೆಕ್ಕ ಹಾಕಿ ಸೇರಿಸಿ". ನಮ್ಮವರು ಕೈಮುಗಿದು ಸೇರಿಸಿಬಿಟ್ಟಿದಾರೆ: "ಪವರ್ ಶೇ. 27, ಆದ್ದರಿಂದ ವ್ಯತ್ಯಾಸ ಸಾಬೀತಾಗಲಿಲ್ಲ". ಅಯ್ಯೋ! ಪವರ್ ಅಂದ್ರೆ ನಿಜವಾಗಿ ಇರೋ ವ್ಯತ್ಯಾಸವನ್ನ ಟ್ರಯಲ್ ಹಿಡಿಯೋ ಸಾಧ್ಯತೆ. ಅದು ಟ್ರಯಲ್ ಶುರುವಾಗೋ ಮುಂಚೆ, ಇಷ್ಟು ವ್ಯತ್ಯಾಸ ನಿಜವಾಗಿ ಇದ್ರೆ ಅದನ್ನ ಹಿಡಿಯೋಕೆ ಎಷ್ಟು ಜನ ಬೇಕು ಅಂತ ನೋಡೋಕಿರೋದು. ಮುಗಿದ್ಮೇಲೆ ಸಿಕ್ಕ ವ್ಯತ್ಯಾಸವನ್ನೇ ನಿಜ ಅಂತ ಹಿಡಿದು ಲೆಕ್ಕ ಹಾಕಿದ್ರೆ ಬರೋದು ಪಿ ವ್ಯಾಲ್ಯೂನ ಇನ್ನೊಂದು ವೇಷ, ಅಷ್ಟೇ. ಇಂಥ ಪರೀಕ್ಷೆಯಲ್ಲಿ ಪಿ ಸರಿಯಾಗಿ 0.05 ಬಂದ್ರೆ ಈ ಪವರ್ ಸುಮಾರು 50 ಬರುತ್ತೆ, 0.18 ಬಂದ್ರೆ ಸುಮಾರು 27, ರೋಗ ಯಾವುದೇ ಇರ್ಲಿ ಔಷಧಿ ಯಾವುದೇ ಇರ್ಲಿ. ಪಿ ಜಾಸ್ತಿ ಬಂತು ಅಂತ ಪವರ್ ಕಮ್ಮಿ ಕಾಣುತ್ತೆ, ಅದನ್ನೇ ತಿರುಗಿಸಿ ಪವರ್ ಕಮ್ಮಿ ಇತ್ತು ಅದಕ್ಕೇ ಪಿ ಜಾಸ್ತಿ ಬಂತು ಅನ್ನೋದು. ಹೋನಿಗ್ ಮತ್ತು ಹೈಸಿ 2001ರಲ್ಲೇ 'ದಿ ಅಮೆರಿಕನ್ ಸ್ಟ್ಯಾಟಿಸ್ಟಿಷಿಯನ್'ನಲ್ಲಿ ಇದನ್ನ ಬಿಡಿಸಿಟ್ಟಿದಾರೆ. ಟ್ರಯಲ್ ವರದಿ ಹೇಗೆ ಬರೀಬೇಕು ಅನ್ನೋ ಮಾರ್ಗಸೂಚಿ ಕನ್ಸಾರ್ಟ್‌ನ 2010ರ ವಿವರಣೆಯಲ್ಲೂ ಇದೇ ಇದೆ, ಟ್ರಯಲ್ ಫಲಿತಾಂಶ ಇಟ್ಕೊಂಡು ಆಮೇಲೆ ಪವರ್ ಲೆಕ್ಕ ಹಾಕೋದ್ರಲ್ಲಿ ಅರ್ಥ ಇಲ್ಲ, ಕಾನ್ಫಿಡೆನ್ಸ್ ಇಂಟರ್ವಲ್, ಅಂದ್ರೆ ಈ ಡೇಟಾಗೆ ಹೊಂದೋ ವ್ಯತ್ಯಾಸ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನೋ ವ್ಯಾಪ್ತಿ, ಅದನ್ನ ನೋಡಿ ಅಂತ.

ಹಾಗಂತ "ನಿಮಗೆ ಗೊತ್ತಿಲ್ಲ" ಅಂತ ಬರೆಯೋಕಾಗುತ್ತಾ. ಅವರ ಪ್ರಶ್ನೆ ಹಿಂದೆ ಒಂದು ನ್ಯಾಯವಾದ ಅನುಮಾನ ಇದೆ, ಟ್ರಯಲ್ ಚಿಕ್ಕದಾಯ್ತಾ ಅಂತ. ಆ ಅನುಮಾನಕ್ಕೆ ಉತ್ತರ ಕೊಡಬೇಕು, ಕೇಳಿದ ಅಂಕಿ ಕೊಡಬಾರದು. ನಮ್ಮ ಹತ್ರ ಉತ್ತರ ಇದೆ. ಶುರುವಿನ ಲೆಕ್ಕ ಪ್ರೋಟೋಕಾಲ್‌ನಲ್ಲೇ ಇದೆ, ಸೋಂಕು ಶೇ. 20ರಿಂದ 6ಕ್ಕೆ ಇಳಿಯುತ್ತೆ ಅಂತ ಹಿಡಿದು, 80 ಪವರ್‌ಗೆ ಗ್ರೂಪ್‌ಗೆ 87 ಜನ, ಬಿಟ್ಟು ಹೋಗೋರು ಅಂತ ಸೇರಿಸಿ 100. ಸಿಕ್ಕಿದ್ದು 6.5 ಪಾಯಿಂಟ್ ವ್ಯತ್ಯಾಸ, ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ ಹೊಸ ಡ್ರೆಸ್ಸಿಂಗ್‌ನಿಂದ 2.9 ಪಾಯಿಂಟ್ ಹೆಚ್ಚು ಸೋಂಕಿನಿಂದ ಹಿಡಿದು 16 ಪಾಯಿಂಟ್ ಕಮ್ಮಿ ಸೋಂಕಿನ ತನಕ. ನಾವು ಆಸೆಪಟ್ಟ 14 ಇದರೊಳಗೇ ಇದೆ, ಸೊನ್ನೆಯೂ ಇದರೊಳಗೇ ಇದೆ. ಹಾಗಾಗಿ "ಲಾಭ ಇದೆ" ಅನ್ನೋಕೂ ಆಗಲ್ಲ, "ವ್ಯತ್ಯಾಸ ಇಲ್ಲ" ಅನ್ನೋಕೂ ಆಗಲ್ಲ. ಟ್ರಯಲ್ ಚಿಕ್ಕದಾಯ್ತಾ ಅನ್ನೋದಕ್ಕೆ ಇದೇ ಉತ್ತರ, 27ಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತೆ. ಇದನ್ನ ಡಿಸ್ಕಷನ್‌ನಲ್ಲಿ ಸೇರಿಸಿ, ಪವರ್ ಯಾಕೆ ಕೊಡ್ತಿಲ್ಲ ಅಂತ ಮೇಲಿನ ಎರಡು ಆಧಾರ ಕೊಟ್ಟು ಬರೆಸಿದೆ. ಮೊದಲ ಟೇಬಲ್‌ಗೆ, ಅಂದ್ರೆ ವಯಸ್ಸು, ಸಕ್ಕರೆ ಕಾಯಿಲೆ ಇತ್ಯಾದಿಗೆ, ಪಿ ವ್ಯಾಲ್ಯೂ ಹಾಕಿ ಅಂತಲೂ ಕೇಳಿದ್ರು. ರ‍್ಯಾಂಡಮ್ ಆಗಿ ಸರಿಯಾಗಿ ಹಂಚಿದ್ಮೇಲೆ ಅಲ್ಲಿರೋ ವ್ಯತ್ಯಾಸ ಆಕಸ್ಮಿಕವೇ, ಆಕಸ್ಮಿಕವಾ ಅಂತ ಮತ್ತೆ ಪರೀಕ್ಷೆ ಮಾಡೋದೇನು. ಅದೂ ಅದೇ ಕನ್ಸಾರ್ಟ್ ವಿವರಣೆಯಲ್ಲೇ ಇದೆ, ಎರಡು ಸಾಲಲ್ಲಿ ಮುಗಿಸಿದ್ವಿ.

"ಮೇಡಂ, ಕೇಳಿದ್ದು ಹಾಕಿಬಿಟ್ರೆ ಬೇಗ ಅಕ್ಸೆಪ್ಟ್ ಆಗುತ್ತಲ್ಲ, ಪ್ರಮೋಷನ್‌ಗೆ ಬೇಕು" ಅಂದ್ರು. ಗೊತ್ತಪ್ಪಾ, ಎಲ್ರಿಗೂ ಬೇಕು. ಆದ್ರೆ ಪೇಪರ್ ಮೇಲೆ ರಿವ್ಯೂವರ್ ಹೆಸರಿರಲ್ಲ, ನಿನ್ ಹೆಸರಿರುತ್ತೆ. ನಾಳೆ ಯಾರೋ ಆ 27 ಓದಿ ಎಡಿಟರ್‌ಗೆ ಪತ್ರ ಬರೆದ್ರೆ ಉತ್ತರ ಕೊಡೋದೂ ನೀನೇ. ಅಲ್ಲದೆ ಕೊನೆಗೆ ತೀರ್ಮಾನ ಮಾಡೋದು ಎಡಿಟರ್, ಇಬ್ಬರ ಮಾತೂ ಅವರ ಎದುರಿಗಿರುತ್ತೆ, ಆಧಾರ ಇಟ್ಟು ಇಲ್ಲ ಅಂದ್ರೆ ಬಹುತೇಕ ಎಡಿಟರ್‌ಗಳು ಕೇಳ್ತಾರೆ. ಕೇಳದೇ ಇರೋರೂ ಇದಾರೆ, ಅಂಥವರ ಜೊತೆ ಹೊಡೆದಾಡಿ ಬಿ.ಪಿ. ಏರಿಸಿಕೊಂಡಿದೀನಿ, ಆ ಕಥೆ ಈಗ ಬೇಡ.

ನಾನೂ ರಿವ್ಯೂವರ್ ಕೆಲಸ ಮಾಡ್ತೀನಿ, ಲೇಖಕರು ನನ್ನ ಮಾತು ತಳ್ಳಿಹಾಕಿದಾಗ ಮೊದಲ ಐದು ನಿಮಿಷ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಅವರು ಕೊಟ್ಟ ಆಧಾರ ತೆಗೆದು ಓದ್ತೀನಿ, ಸರಿ ಇದ್ರೆ ಬಾಯಿ ಮುಚ್ಕೊಂಡು ಅಕ್ಸೆಪ್ಟ್ ಒತ್ತುತೀನಿ. ಆದ್ರೆ "ಅಮೂಲ್ಯ ಸಲಹೆಗೆ ಧನ್ಯವಾದ" ಅಂದು ಪೇಪರ್‌ನಲ್ಲಿ ಏನೂ ಬದಲಾಯಿಸದೇ ಕಳಿಸ್ತಾರಲ್ಲ, ಅವರಿಗೆ ಮಾತ್ರ ಇನ್ನೊಂದು ರೌಂಡ್ ಗ್ಯಾರಂಟಿ.

ಬರೀತಿರುವಾಗಲೇ ಮೆಸೇಜ್ ಬಂತು, "ಮೇಡಂ, ನಮ್ ಹೆಚ್ಓಡಿ ಸರ್ 27 ಇರ್ಲಿ ಅಂತಿದಾರೆ, ಒಂದೇ ಸಾಲಲ್ವಾ ಅಂತ". ಇಂಟರ್ವಲ್ ವಿವರಿಸಿದ ಪ್ಯಾರಾ ಅವರಿಗೂ ಫಾರ್ವರ್ಡ್ ಮಾಡು ಅಂದಿದೀನಿ, ಓದಿ ಆಮೇಲೂ ಬೇಕು ಅಂದ್ರೆ ನಂಗೇ ಫೋನ್ ಮಾಡ್ಲಿ.