ಲಕ್ಷಕ್ಕಿಷ್ಟು

ಕರ್ನಾಟಕ ನಂಬರ್ ವನ್ ಆದದ್ದು ನಿಮಗೆಲ್ಲ ಗೊತ್ತೇ ಇದೆ. ಟಿವಿಯವರು ಕೆಂಪು ಅಕ್ಷರದಲ್ಲಿ ಬರೆದು, ಹಿಂದೆ ಢಂ ಎಂದು ಸದ್ದು ಹಾಕಿ, ಹೂಡಿ ಧರಿಸಿದ ಕಳ್ಳನ ಚಿತ್ರ ತೋರಿಸಿ ನಮ್ಮನ್ನೆಲ್ಲ ಅಭಿನಂದಿಸಿದ್ದರು. 2023ರಲ್ಲಿ ರಾಜ್ಯದಲ್ಲಿ ದಾಖಲಾದ ಸೈಬರ್ ಅಪರಾಧಗಳು 21,889. ತೆಲಂಗಾಣದಲ್ಲಿ 18,236. ಅಂದರೆ ಮೂರು ಸಾವಿರದ ಆರುನೂರು ಚಿಲ್ಲರೆ ಅಂತರದಿಂದ ನಾವು ಗೆದ್ದೆವು. ಕಪ್ ನಮ್ದೇ.

ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯ ಲೆಕ್ಕ. 2023ರ ವರದಿ ಹೊರಬಂದದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ. ಅಷ್ಟರಲ್ಲಿ ಆ ಪ್ರಕರಣಗಳಿಗೆ ಎರಡನೇ ವರ್ಷದ ವರ್ಷಾಂತಿಕ ಹತ್ತಿರ ಬಂದಿತ್ತು. ಆದರೂ ಟಿವಿಯಲ್ಲಿ ಅದು 'ಈಗಷ್ಟೇ ಬಂದ ಸುದ್ದಿ'. ಅದಿರಲಿ.

ಆ ರಾತ್ರಿ ನಾನು ಊಟದ ತಟ್ಟೆ ಮುಂದಿಟ್ಟುಕೊಂಡು ಒಂದು ದೇಶದ್ರೋಹದ ಕೆಲಸ ಮಾಡಿದೆ. ಭಾಗಾಕಾರ ಮಾಡಿದೆ.

ಕರ್ನಾಟಕದ ಜನ ಆ ವರ್ಷ ಅಂದಾಜು 677 ಲಕ್ಷ. 21,889ನ್ನು ಅದರಿಂದ ಭಾಗಿಸಿದರೆ ಲಕ್ಷ ಜನಕ್ಕೆ 32 ಪ್ರಕರಣ ಬೀಳುತ್ತದೆ. ತೆಲಂಗಾಣದವರು 381 ಲಕ್ಷದ ಆಸುಪಾಸು. 18,236ನ್ನು ಭಾಗಿಸಿದರೆ ಲಕ್ಷಕ್ಕೆ ಹತ್ತಿರ ಹತ್ತಿರ 48. ಅಂದರೆ ಕಪ್ ನಮ್ಮದಲ್ಲ. ಅದು ಹೈದರಾಬಾದಿಗೆ ಹೋಗಬೇಕಿದ್ದ ಪಾರ್ಸೆಲ್ಲು, ವಿಳಾಸ ತಪ್ಪಿ ಬೆಂಗಳೂರಿಗೆ ಬಂದಿದೆ. ಹೆಂಡತಿಗೆ ಹೇಳಿದೆ. 'ಅನ್ನ ಆರ್ತಾ ಇದೆ' ಅಂದಳು.

ಇದರಲ್ಲಿ ಮೇಧಾವಿತನವೇನಿಲ್ಲ. ನಮ್ಮ ಕಡೆ ಮದುವೆಗೆ ಅಡುಗೆಭಟ್ಟರನ್ನು ಗೊತ್ತು ಮಾಡುವ ದೊಡ್ಡಪ್ಪಂದಿರಿಗೆಲ್ಲ ಈ ಲೆಕ್ಕ ಗೊತ್ತು. ಸಾವಿರ ಎಲೆಯ ಮದುವೆಯಲ್ಲಿ ಹತ್ತು ಜನಕ್ಕೆ ಹೊಟ್ಟೆ ಕೆಟ್ಟರೆ 'ಯಾರೋ ಹೋಳಿಗೆ ಜಾಸ್ತಿ ತಿಂದಿರಬೇಕು' ಅನ್ನುತ್ತಾರೆ. ಐವತ್ತು ಎಲೆಯ ನಾಮಕರಣದಲ್ಲಿ ಐದು ಜನಕ್ಕೆ ಕೆಟ್ಟರೆ ಆ ಭಟ್ಟರನ್ನು ಮತ್ತೆ ಕರೆಯುವುದಿಲ್ಲ. ಹತ್ತು ದೊಡ್ಡದೋ ಐದು ದೊಡ್ಡದೋ ಎಂದು ಯಾವ ದೊಡ್ಡಪ್ಪನೂ ಚರ್ಚೆಗೆ ನಾಲ್ಕು ಜನರನ್ನು ಕೂರಿಸುವುದಿಲ್ಲ. ಅದಕ್ಕೆ ಸ್ಟುಡಿಯೊ ಬೇಕು.

ಎನ್‌ಸಿಆರ್‌ಬಿಯವರ ತಪ್ಪೇನಿಲ್ಲ ಇಲ್ಲಿ. ಪಾಪ, ಅವರು ಅದೇ ಕೋಷ್ಟಕದಲ್ಲಿ ಪ್ರಕರಣಗಳ ಪಕ್ಕಕ್ಕೇ ಜನಸಂಖ್ಯೆ ಕೊಟ್ಟು, ಅದರ ಪಕ್ಕಕ್ಕೆ ಭಾಗಿಸಿದ ದರವನ್ನೂ ಕೊಟ್ಟಿರುತ್ತಾರೆ. ಭಾಗಿಸುವ ಶ್ರಮವೂ ಇಲ್ಲ, ಕಣ್ಣನ್ನು ಎರಡು ಕಾಲಂ ಬಲಕ್ಕೆ ಹೊರಳಿಸಿದರೆ ಸಾಕು. ಆದರೆ '32' ಎಂಬ ಸಂಖ್ಯೆಗೆ ಢಂ ಎಂದು ಸದ್ದು ಹಾಕಲು ಬರುವುದಿಲ್ಲ. 21,889ಕ್ಕೆ ಬರುತ್ತದೆ.

ಹಾಗಂತ ದರವನ್ನು ದೇವರ ಪಟದ ಪಕ್ಕ ತೂಗುಹಾಕಬೇಡಿ. ಲಕ್ಷದ್ವೀಪದ ಕಥೆ ಕೇಳಿ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64,473 ಜನ. ಹೆಸರಲ್ಲಿ ಲಕ್ಷ ಇದೆ, ಊರಲ್ಲಿ ಇಲ್ಲ. ಈಗ ಉತ್ತರ ಪ್ರದೇಶಕ್ಕೆ ಬನ್ನಿ. 2022ರಲ್ಲಿ ಅಲ್ಲಿ ನಡೆದ ಕೊಲೆಗಳು 3,491. ದೇಶದಲ್ಲೇ ಹೆಚ್ಚು. ಭಾಗಿಸಿದರೆ ಲಕ್ಷಕ್ಕೆ 1.5. ದೇಶದ ಸರಾಸರಿ 2.1ಕ್ಕಿಂತ ಕಮ್ಮಿ! ಇತ್ತ ಲಕ್ಷದ್ವೀಪದಲ್ಲಿ ಯಾವನೋ ಒಬ್ಬ, ತೆಂಗಿನಕಾಯಿ ಜಗಳದಲ್ಲೋ ದೋಣಿ ಜಗಳದಲ್ಲೋ ಇನ್ನೊಬ್ಬನನ್ನು ಕೊಂದ ಅಂತಿಟ್ಟುಕೊಳ್ಳಿ. ಒಂದೇ ಕೊಲೆ. ದರ ಎಷ್ಟು? ಅದೇ 1.5. ಒಬ್ಬನೇ ಮನುಷ್ಯ ಒಂದೇ ಸಂಜೆಯಲ್ಲಿ ಇಡೀ ಉತ್ತರ ಪ್ರದೇಶಕ್ಕೆ ಸಮಸಮ ನಿಂತ. ಮುಂದಿನ ವರ್ಷ ಅಲ್ಲಿ ಯಾರೂ ಯಾರನ್ನೂ ಕೊಲ್ಲದಿದ್ದರೆ 'ಕೊಲೆಗಳಲ್ಲಿ ಶೇಕಡಾ ನೂರರಷ್ಟು ಇಳಿಕೆ' ಎಂದು ಯಾರಿಗಾದರೂ ಪದಕ ಕೊಡಬಹುದು. ಇಬ್ಬರನ್ನು ಕೊಂದರೆ ದರ ಮೂರರ ಮೇಲೆ ಹೋಗಿ, ಲಕ್ಷದ್ವೀಪ ರಕ್ತಸಿಕ್ತವಾಗುತ್ತದೆ. ಕಡಿಮೆ ಜನರಿರುವ ಕಡೆ ದರ ಹೀಗೆ ಗಾಳಿಪಟದಂತೆ ಏರಿಳಿಯುತ್ತದೆ. ಅಂಥಲ್ಲಿ ಹತ್ತು ವರ್ಷದ್ದನ್ನು ಒಟ್ಟಿಗೆ ಹಿಡಿದು ನೋಡಬೇಕೇ ಹೊರತು ಒಂದು ವರ್ಷದ್ದನ್ನಲ್ಲ.

ವಿಧಾನಸೌಧದಲ್ಲಿ ಈ ಗೊಂದಲವೇ ಇಲ್ಲ. ಆಳುವವರು ದರ ಓದುತ್ತಾರೆ, ವಿರೋಧ ಪಕ್ಷದವರು ಒಟ್ಟು ಸಂಖ್ಯೆ ಓದುತ್ತಾರೆ. ಚುನಾವಣೆ ಆಗಿ ಜಾಗ ಬದಲಾದಾಗ ಭಾಷಣದ ಚೀಟಿಯನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟು ಹೋಗುತ್ತಾರೆ ಅಂತ ಕಾಣುತ್ತದೆ. ಹೊಸದಾಗಿ ಬಂದು ಕೂತವರು ಅದನ್ನೇ ಎತ್ತಿಕೊಂಡು ಓದುತ್ತಾರೆ. ಕಾಗದ ಉಳಿತಾಯ.

ಬೆಂಗಳೂರಿನ ಲೆಕ್ಕ ಇನ್ನೂ ಸ್ವಾರಸ್ಯ. ರಾಜ್ಯಗಳಿಗೆ ಎನ್‌ಸಿಆರ್‌ಬಿ ಆಯಾ ವರ್ಷದ ಮಧ್ಯಭಾಗದ ಅಂದಾಜು ಜನಸಂಖ್ಯೆ ಹಿಡಿಯುತ್ತದೆ. ಮಹಾನಗರಗಳಿಗೆ ಮಾತ್ರ 2011ರ ಜನಗಣತಿಯದ್ದೇ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲವಲ್ಲ, ಅದಕ್ಕೆ. ಹೀಗಾಗಿ ಆ ಕೋಷ್ಟಕದಲ್ಲಿ ಬೆಂಗಳೂರಿನ ಜನ ಇವತ್ತಿಗೂ 85 ಲಕ್ಷ. 2011ರ ಫೆಬ್ರುವರಿಯಲ್ಲಿ ಎಣಿಸಿದ್ದು. ಆಗಿನ್ನೂ ನಮ್ಮ ಮೆಟ್ರೊ ಓಡಲು ಶುರು ಮಾಡಿರಲಿಲ್ಲ, ಬೈಯಪ್ಪನಹಳ್ಳಿಯಿಂದ ಎಂಜಿ ರಸ್ತೆಗೆ ಮೊದಲ ರೈಲು ಹೊರಟದ್ದು ಆ ವರ್ಷದ ಅಕ್ಟೋಬರಿನಲ್ಲಿ. ಫೋನಿನಲ್ಲಿ ದುಡ್ಡು ಕಳಿಸುವುದು ಅಂದರೆ 'ದುಡ್ಡು ಕಳಿಸೋ' ಎಂದು ಫೋನ್ ಮಾಡುವುದು ಎಂದೇ ಅರ್ಥವಿದ್ದ ಕಾಲ.

ಈ 85 ಲಕ್ಷವನ್ನು ಕೆಳಗಿಟ್ಟು, ಮೇಲೆ 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದ 17,631 ಸೈಬರ್ ಪ್ರಕರಣ ಇಟ್ಟರೆ ಲಕ್ಷಕ್ಕೆ 207 ಬರುತ್ತದೆ. ಕಳ್ಳರು 2023ರವರು, ಕಳೆದುಕೊಂಡವರು 2011ರವರು. ಊರಲ್ಲಿ ಈಗ ಒಂದೂಕಾಲು ಕೋಟಿ ಜನ ಎನ್ನುವವರಿದ್ದಾರೆ, ಒಂದೂವರೆ ಎನ್ನುವವರೂ ಇದ್ದಾರೆ. ನಡುವೆ ಎಲ್ಲೋ 130 ಲಕ್ಷ ಎಂದು ಹಿಡಿಯೋಣ. ಆಗ ದರ 136ಕ್ಕೆ ಇಳಿಯುತ್ತದೆ. ಒಬ್ಬ ಕಳ್ಳನನ್ನೂ ಹಿಡಿಯದೆ ಅಪರಾಧ ದರವನ್ನು ಮೂರನೇ ಒಂದು ಭಾಗ ಇಳಿಸಿದ್ದೇನೆ, ಗಮನಿಸಿ. ಆ ಉಳಿದ 45 ಲಕ್ಷ ಜನರು ಯಾರು? 2011ರ ನಂತರ ಹುಟ್ಟಿದವರು, ಆಮೇಲೆ ರಾಯಚೂರಿನಿಂದಲೋ ಪಟ್ನಾದಿಂದಲೋ ಬಂದು ಸೇರಿದವರು. ಅವರು ಬಾಡಿಗೆ ಕಟ್ಟುತ್ತಾರೆ, ಸಿಲ್ಕ್ ಬೋರ್ಡಿನಲ್ಲಿ ನಿಲ್ಲುತ್ತಾರೆ, ಓಟಿಪಿ ಹೇಳಿ ದುಡ್ಡೂ ಕಳೆದುಕೊಳ್ಳುತ್ತಾರೆ. ಕಳೆದುಕೊಂಡಾಗ ಗೆರೆಯ ಮೇಲೆ ಒಂದು ಅಂಕಿಯಾಗುತ್ತಾರೆ. ಗೆರೆಯ ಕೆಳಗೆ ಅವರಿಗಿನ್ನೂ ಜಾಗವಿಲ್ಲ.

ಇನ್ನೂ ಒಂದು ಚೋದ್ಯ ಇದೆ. ಕೆಳಗಿನ ಸಂಖ್ಯೆ ವರ್ಷಗಟ್ಟಲೆ ಅಲುಗಾಡದೆ ಕೂತಿದ್ದರೆ ಅದು ದರವೇ ಅಲ್ಲ. 2022ರಲ್ಲಿ ಬೆಂಗಳೂರಿನ ಪ್ರಕರಣ 9,940. ಅದನ್ನೂ 85ರಿಂದಲೇ ಭಾಗಿಸುತ್ತಾರೆ, ಮರುವರ್ಷದ 17,631ನ್ನೂ 85ರಿಂದಲೇ. ಊರು ಎಷ್ಟು ಬೆಳೆಯಿತು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಒಟ್ಟು ಸಂಖ್ಯೆಯೇ ಕೋಟು ಟೈ ಹಾಕಿಕೊಂಡು ದರದ ವೇಷದಲ್ಲಿ ಬಂದು ಕೂತಿದೆ. ಯಾರಾದರೂ ಮಹಾನಗರಗಳ 'ದರ' ಏರಿತು ಎಂದರೆ ಮೊದಲು ಜನಸಂಖ್ಯೆಯ ಕಾಲಂನ ತಲೆಬರಹದಲ್ಲಿ ಯಾವ ಇಸವಿ ಇದೆ ನೋಡಿ.

ಯಾರಿಂದ ಭಾಗಿಸಬೇಕು ಎಂಬುದೂ ಒಂದು ಪ್ರಶ್ನೆ. ಮಹಿಳೆಯರ ಮೇಲಿನ ಅಪರಾಧವನ್ನು ಮಹಿಳೆಯರ ಸಂಖ್ಯೆಯಿಂದಷ್ಟೇ ಭಾಗಿಸುತ್ತಾರೆ, ಅದು ನ್ಯಾಯ. ಗಂಡಸರನ್ನೂ ಸೇರಿಸಿದ್ದರೆ ದರ ಅರ್ಧಕ್ಕೆ ಇಳಿದು ಎಲ್ಲರೂ ನೆಮ್ಮದಿಯಾಗಿ ಮಲಗಬಹುದಿತ್ತು. ಆದರೆ ಸೈಬರ್ ಅಪರಾಧವನ್ನು ಇಡೀ ಜನಸಂಖ್ಯೆಯಿಂದ ಭಾಗಿಸುತ್ತಾರೆ. ನಮ್ಮ ಪಕ್ಕದ ಮನೆಯ ಮೂರು ತಿಂಗಳ ಕೂಸನ್ನೂ, ಕೀಪ್ಯಾಡ್ ಫೋನಿನಲ್ಲಿ ಹಸಿರು ಗುಂಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಮ್ಮ ಅಜ್ಜಿಯನ್ನೂ ಸೇರಿಸಿ. ಫೋನಿನಲ್ಲಿ ಹಣ ದಾಟಿಸುವವರೇ ಕಮ್ಮಿ ಇರುವ ರಾಜ್ಯ ಈ ಲೆಕ್ಕದಲ್ಲಿ ಬಹಳ ಸುರಕ್ಷಿತವಾಗಿ ಕಾಣುತ್ತದೆ. ರಸ್ತೆಯೇ ಇಲ್ಲದ ಊರಲ್ಲಿ ಬಸ್ ಅಪಘಾತ ಸೊನ್ನೆ ಇದ್ದ ಹಾಗೆ. ಮೇಲಾಗಿ ಪ್ರಕರಣ ಬೆಂಗಳೂರಿನದ್ದು ಅಂದರೆ ದುಡ್ಡು ಹೋದದ್ದು ಬೆಂಗಳೂರಿನವರದ್ದು ಅಂತಷ್ಟೇ. ಕದ್ದವನು ದೂರದ ಜಾರ್ಖಂಡಿನ ಜಾಮ್ತಾರಾದಲ್ಲಿ ಕೂತಿರಬಹುದು. ಜಾಮ್ತಾರಾದ ದರ ಅದರಿಂದ ಏರುವುದಿಲ್ಲ.

ಇಷ್ಟು ಹೊತ್ತು ಗೆರೆಯ ಕೆಳಗಿನದ್ದು ಹೇಳಿದೆ. ಗೆರೆಯ ಮೇಲಿನದ್ದು ಬೇರೆ ಥರ.

ಕೆಲವು ವರ್ಷದ ಹಿಂದೆ ಬಸ್ಸಿನಲ್ಲಿ ನನ್ನ ಫೋನು ಹೋಯಿತು. ಜೇಬಿನ ಹೊಲಿಗೆಯನ್ನು ನೀಟಾಗಿ ಬ್ಲೇಡಿನಲ್ಲಿ ಕೊಯ್ದಿದ್ದರು. ಕೊಯ್ದ ಪ್ಯಾಂಟಿನಲ್ಲೇ ಠಾಣೆಗೆ ಹೋದೆ. ಯಾವ ಠಾಣೆ ಅಂತ ಬೇಡ. ರೈಟರ್ ನನ್ನ ಅರ್ಜಿ ಓದಿ ಬಹಳ ಸಮಾಧಾನದಿಂದ ಹೇಳಿದರು: 'ಸಾರ್, ಕಳುವಾಗಿದೆ ಅಂತ ಯಾಕೆ ಬರೀತೀರ? ಕಳೆದುಹೋಗಿದೆ ಅಂತ ಬರೀರಿ. ಆನ್‌ಲೈನಿನಲ್ಲೇ ಆಗುತ್ತೆ, ಕೋರ್ಟು ಗೀರ್ಟು ಅಲೆಯೋದು ತಪ್ಪುತ್ತೆ. ಸಿಮ್ ತಗೊಳ್ಳೋಕೆ ಸಾಕಲ್ವಾ?' ಜೇಬು ತೋರಿಸಿದೆ. ಅವರು ಬಗ್ಗಿ ನೋಡಿ, 'ಹಳೇ ಪ್ಯಾಂಟಾ ಸಾರ್?' ಅಂದರು.

ಬರೆದುಕೊಟ್ಟೆ. ನನಗೂ ಸಿಮ್ ಬೇಕಿತ್ತು.

ಎಫ್‌ಐಆರ್ ಆಗದ ಅಪರಾಧ ಎನ್‌ಸಿಆರ್‌ಬಿಯ ಪುಸ್ತಕದಲ್ಲಿ ಅಪರಾಧವೇ ಅಲ್ಲ. ಆ ಪುಸ್ತಕ ಎಣಿಸುವುದು ಬರೆದುಕೊಂಡದ್ದನ್ನು, ನಡೆದದ್ದನ್ನಲ್ಲ. ಬ್ಯೂರೊದವರೇ ತಮ್ಮ ವರದಿಯಲ್ಲಿ ಇದನ್ನು ಹೇಳುತ್ತಾರೆ: ಅಪರಾಧ ಹೆಚ್ಚುವುದು ಬೇರೆ, ಪೊಲೀಸರು ದಾಖಲಿಸುವುದು ಹೆಚ್ಚುವುದು ಬೇರೆ, ಎರಡನ್ನೂ ಒಂದೇ ಎಂದು ತಿಳಿಯಬೇಡಿ ಎಂದು. ಅದನ್ನು ಓದಿದ ಒಬ್ಬ ಆಂಕರನ್ನೂ ನಾನು ಕಂಡಿಲ್ಲ. ಬಂದವರ ದೂರನ್ನೆಲ್ಲ ಬರೆದುಕೊಳ್ಳುವ ಇನ್‌ಸ್ಪೆಕ್ಟರ್ ಟಿವಿಯಲ್ಲಿ ಬೈಸಿಕೊಳ್ಳುತ್ತಾನೆ. ಹೆಂಡತಿಗೆ ಗಂಡ ಹೊಡೆದ ಕೇಸನ್ನು 'ಹೊಂದಿಕೊಂಡು ಹೋಗಮ್ಮ' ಎಂದು ವಾಪಸು ಕಳಿಸಿದವನ ಠಾಣೆ ಶಾಂತವಾಗಿರುತ್ತದೆ. ಹಾಗೆ ವಾಪಸು ಹೋದವಳನ್ನು ಯಾವ ಲಕ್ಷದಿಂದ ಭಾಗಿಸುತ್ತೀರಿ? ಅವಳು ಮೂರು ಬಸ್ಸು ಬದಲಾಯಿಸಿ ಬಂದಿದ್ದಳು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಬರೆಯುತ್ತಾ ಇಲ್ಲಿವರೆಗೆ ಬಂದುಬಿಟ್ಟೆ.

ನನ್ನ ಫೋನು ಇವತ್ತಿಗೂ ಅಧಿಕೃತವಾಗಿ ಕಳೆದುಹೋಗಿಯೇ ಇದೆ. ಹಾಗಾಗಿ ಅದು ಮೇಲಿನ ಸಂಖ್ಯೆಯಲ್ಲಿಲ್ಲ. ನಾನು ಮಾತ್ರ ಕೆಳಗಿನ 85 ಲಕ್ಷದಲ್ಲಿದ್ದೇನೆ, ಖಂಡಿತ. 2011ರಲ್ಲಿ ಒಬ್ಬರು ಮೇಷ್ಟ್ರು ನಮ್ಮ ಮನೆಗೆ ಬಂದು, ಎಲ್ಲರ ಹೆಸರನ್ನೂ ಒತ್ತಕ್ಷರ ತಪ್ಪದ ಹಾಗೆ ಕೇಳಿ ಬರೆದುಕೊಂಡು, ಅರ್ಧ ಲೋಟ ಕಾಫಿ ಕುಡಿದು ಹೋಗಿದ್ದರು.